ಏರಿನಲ್ಲಿ ಪೇಸ್ ಎಷ್ಟಿರಬೇಕು? ಗ್ಯಾಪ್ ಬಗ್ಗೆ ಬೆಳಗಾವಿ ಓಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಯಳ್ಳೂರು ಗಡದ ಕಡೆ ಓಡಿ ಬಂದ ಮೇಲೆ ಚಹಾ ಕುಡಿಯುತ್ತಾ ನಡೆಯುವ ಮಾತು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಒಬ್ಬರು ವಾಚ್ ತೋರಿಸಿ, "ಏನ್ರೀ ಇದು, ವ್ಯಾಕ್ಸಿನ್ ಡಿಪೋ ಮೈದಾನದಾಗ ಆರರ ಪೇಸ್ ಆರಾಮ ಓಡ್ತೀನಿ, ಇಲ್ಲಿ ಎಂಟೂವರೆಗೇ ದಮ್ ಹತ್ತತೈತಿ" ಅನ್ನುತ್ತಾರೆ. ಇನ್ನೊಬ್ಬರು ಗ್ಯಾಪ್ ನೋಡಿ ಅನ್ನುತ್ತಾರೆ. ಮೂರನೆಯವರು ಅದೆಲ್ಲ ಸುಳ್ಳು ಅನ್ನುತ್ತಾರೆ. ಅಲ್ಲಿ ಕೇಳಿದ ಪ್ರಶ್ನೆಗಳಿಗೆ ಸಮಾಧಾನವಾಗಿ ಕೂತು ಬರೆದ ಉತ್ತರಗಳು ಇವು.

ಗ್ಯಾಪ್ ಅಂದರೆ ಏನು?

ಪೇಸ್ ಅಂದರೆ ಒಂದು ಕಿಲೋಮೀಟರ್ ಓಡಲು ಹಿಡಿಯುವ ನಿಮಿಷ. ಓಟ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಪೇಸ್ ಪಕ್ಕದಲ್ಲೇ GAP ಅಂತ ಇನ್ನೊಂದು ಅಂಕಿ ಕಾಣುತ್ತದೆ. ಗ್ರೇಡ್ ಅಡ್ಜಸ್ಟೆಡ್ ಪೇಸ್ ಅನ್ನುವುದರ ಚಿಕ್ಕ ರೂಪ ಅದು. ನಾವು ಬಾಯಲ್ಲಿ ಗ್ಯಾಪ್ ಅನ್ನುತ್ತೇವೆ. ಈ ಏರಿನಲ್ಲಿ ನೀವು ಪಟ್ಟ ಶ್ರಮವನ್ನೇ ಸಪಾಟು ರಸ್ತೆಯಲ್ಲಿ ಪಟ್ಟಿದ್ದರೆ ಎಷ್ಟು ಪೇಸ್ ಬರುತ್ತಿತ್ತು ಅನ್ನುವ ಅಂದಾಜು ಅದು, ಅಷ್ಟೇ.

ಏರಿನಲ್ಲಿ ಕಿಲೋಮೀಟರಿಗೆ 8:30ರಂತೆ ಓಡಿದಿರಿ, ಗ್ಯಾಪ್ 6:00 ತೋರಿಸಿತು ಅಂದುಕೊಳ್ಳಿ. ಆ ಏರಿನಲ್ಲಿ ನಿಮ್ಮ ಮೈ ನಿಮಿಷಕ್ಕೆ ಸುಟ್ಟ ಶಕ್ತಿ, ಸಪಾಟಿನಲ್ಲಿ 6:00 ಓಡಿದಾಗ ನಿಮಿಷಕ್ಕೆ ಸುಡುವಷ್ಟೇ. ಇಳಿಜಾರಿನಲ್ಲಿ ಇದು ತಿರುಗುಮುರುಗು ಆಗುತ್ತದೆ. ನೀವು 5:20ರಲ್ಲಿ ಹಾರುತ್ತಾ ಇಳಿದಿದ್ದರೂ ಗ್ಯಾಪ್ ಆರರ ಹತ್ತಿರ ತೋರಿಸಬಹುದು.

ಗ್ಯಾಪ್ ಗಡಿಯಾರದ ಸಮಯವಲ್ಲ, ಲೆಕ್ಕದಿಂದ ಬಂದ ಅಂದಾಜು. ಮೆಡಲ್ ಕೊಡುವವರು ಅದನ್ನು ನೋಡುವುದಿಲ್ಲ.

ಏರು ಶೇಕಡ ಇಷ್ಟು ಅಂತಾರಲ್ಲ, ಅದನ್ನು ಹೇಗೆ ಲೆಕ್ಕ ಹಾಕುವುದು?

ಎಷ್ಟು ಮೀಟರ್ ಮೇಲೆ ಹತ್ತಿದಿರೋ ಅದನ್ನು ಎಷ್ಟು ಮೀಟರ್ ಮುಂದೆ ಹೋದಿರೋ ಅದರಿಂದ ಭಾಗಿಸಿ ನೂರರಿಂದ ಗುಣಿಸಿ. 1,000 ಮೀಟರ್ ರಸ್ತೆಯಲ್ಲಿ 50 ಮೀಟರ್ ಮೇಲೆ ಹೋದರೆ 5% ಏರು. ಇದು ಡಿಗ್ರಿ ಅಲ್ಲ. 10% ಅಂದರೆ ಹತ್ತು ಡಿಗ್ರಿ ಅಂದುಕೊಳ್ಳುವವರು ಇದ್ದಾರೆ. ನಿಜವಾಗಿ ಅದು ಆರು ಡಿಗ್ರಿಗೂ ಸ್ವಲ್ಪ ಕಡಿಮೆ.

ಕಾಲಿನ ಲೆಕ್ಕದಲ್ಲಿ ಹೇಳುವುದಾದರೆ, 2% ಏರು ಕಣ್ಣಿಗೆ ಕಾಣುವುದಿಲ್ಲ, ಉಸಿರಿಗೆ ಗೊತ್ತಾಗುತ್ತದೆ. 5% ಕಣ್ಣಿಗೂ ಕಾಣುತ್ತದೆ. 10% ದಾಟಿದರೆ ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಿರುತ್ತಾರೆ.

ಗ್ಯಾಪ್ ಅಂಕಿ ಎಲ್ಲಿಂದ ಬರುತ್ತದೆ? ಯಾರೋ ಸುಮ್ನೆ ಹೇಳಿದ್ದಾ?

ಸುಮ್ನೆ ಅಲ್ಲ. ಇಟಲಿಯ ಆಲ್ಬೆರ್ತೋ ಮಿನೆಟ್ಟಿ ಮತ್ತು ಅವರ ಜೊತೆಗಾರರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಳಗಿದ ಹತ್ತು ಜನ ಗುಡ್ಡದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ನಡೆಸಿ, ಅವರು ಎಷ್ಟು ಆಮ್ಲಜನಕ ಬಳಸುತ್ತಾರೆ ಅಂತ ಅಳೆದರು. 45% ಇಳಿಜಾರಿನಿಂದ 45% ಏರಿನ ತನಕ ಅಳತೆ ನಡೆಯಿತು. ಒಂದು ಕಿಲೋ ತೂಕವನ್ನು ಒಂದು ಮೀಟರ್ ಸಾಗಿಸಲು ಎಷ್ಟು ಜೌಲ್ ಶಕ್ತಿ ಬೇಕು ಅನ್ನುವುದಕ್ಕೆ ಅದರಿಂದ ಒಂದು ಸೂತ್ರ ಬಂತು. ಓಟದ ಸೂತ್ರ ಇದು. ಇಲ್ಲಿ i ಅಂದರೆ ಇಳಿಜಾರಿನ ಪ್ರಮಾಣ, 7% ಏರಾದರೆ 0.07, 7% ಇಳಿಜಾರಾದರೆ -0.07.

```
C(i) = 155.4i^5 - 30.4i^4 - 43.3i^3 + 46.3i^2 + 19.5i + 3.6
```

ನೋಡಿ ಹೆದರಬೇಡಿ. ಕೊನೆಯ 3.6 ಸಪಾಟು ರಸ್ತೆಯ ಖರ್ಚು. ಉಳಿದದ್ದೆಲ್ಲ ಏರಿಳಿತದಿಂದ ಕೂಡುವುದು, ಕಳೆಯುವುದು. ಬಂದ ಉತ್ತರವನ್ನು 3.6ರಿಂದ ಭಾಗಿಸಿದರೆ ಸಪಾಟಿಗಿಂತ ಎಷ್ಟು ಪಟ್ಟು ಶ್ರಮ ಅಂತ ಸಿಗುತ್ತದೆ. 4% ಏರಿಗೆ ಅದು 1.24 ಪಟ್ಟು. 7%ಗೆ 1.44. 10%ಗೆ 1.66. ಅಂದರೆ ಸಪಾಟಿನ ಖರ್ಚು ಒಂದು ರೂಪಾಯಿ ಅಂದುಕೊಂಡರೆ ಪ್ರತಿ 1% ಏರಿಗೂ ಸುಮಾರು ಆರು ಪೈಸೆ ಜಾಸ್ತಿ ಖರ್ಚು. ಈ ಆರು ಪೈಸೆ ಲೆಕ್ಕ ನೆನಪಿದ್ದರೆ ಸಾಕು.

ಸ್ಟ್ರಾವಾ 2017ರಲ್ಲಿ ತನ್ನ ಲೆಕ್ಕವನ್ನು ಬದಲಿಸಿತು. ಪ್ರಯೋಗಾಲಯದ ಅಳತೆಯ ಬದಲು, ತನ್ನ ಬಳಕೆದಾರರ ಓಟಗಳ ಹೃದಯಬಡಿತ ನೋಡಿ ಹೊಸ ಗೆರೆ ಎಳೆಯಿತು. ಏರಿನಲ್ಲಿ ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ, ಇಳಿಜಾರಿನಲ್ಲಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಏರನ್ನು ಪೂರ್ತಿ ಲೆಕ್ಕ ಹಾಕಿ ತೋರಿಸುತ್ತೀರಾ?

ಖಂಡಿತ. ಒಬ್ಬ ಓಟಗಾರ ಸಪಾಟಿನಲ್ಲಿ 6:00 ಪೇಸ್‌ನಲ್ಲಿ ಮಾತಾಡುತ್ತಾ ಓಡಬಲ್ಲ ಅಂದುಕೊಳ್ಳಿ. ಅವನ 5 ಕಿ.ಮೀ. ಬೆಸ್ಟ್ 25 ನಿಮಿಷ, ಅಂದರೆ ಜೀವ ಬಿಟ್ಟು ಓಡಿದರೆ 5:00 ಪೇಸ್. ಅವನ ಎದುರು 1.2 ಕಿ.ಮೀ. ಉದ್ದದ ಏರು ಇದೆ, ಒಟ್ಟು 84 ಮೀಟರ್ ಹತ್ತಬೇಕು. ಸರಾಸರಿ 7%.

ಮೊದಲು ಎಲ್ಲರೂ ಮಾಡುವ ತಪ್ಪು ನೋಡೋಣ. ಏರು ಶುರುವಾದಾಗ ಅವನು ವಾಚ್ ನೋಡಿ, "ಸ್ವಲ್ಪ ನಿಧಾನ ಮಾಡೋಣ, ಏಳರಲ್ಲಿ ಹೋಗೋಣ" ಅಂತಾನೆ. ಒಂದು ನಿಮಿಷ ಬಿಟ್ಟುಕೊಟ್ಟೆ, ಸಾಕಷ್ಟಾಯಿತು ಅನ್ನುವ ಭಾವನೆ. ಈಗ ಲೆಕ್ಕ ಹಾಕಿ. 7:00 ಅಂದರೆ 420 ಸೆಕೆಂಡು. ಅದನ್ನು 1.44ರಿಂದ ಭಾಗಿಸಿದರೆ ಸುಮಾರು 292 ಸೆಕೆಂಡು, ಅಂದರೆ 4:52. ಇದು ಅವನ 5 ಕಿ.ಮೀ. ರೇಸಿನ ಪೇಸ್‌ಗಿಂತ ಜೋರು! ತಾನು ನಿಧಾನ ಮಾಡಿದ್ದೇನೆ ಅಂತ ಅವನು ಅಂದುಕೊಂಡಿದ್ದಾನೆ, ಮೈ ಮಾತ್ರ ರೇಸ್ ಓಡುತ್ತಿದೆ. ಅರ್ಧ ಏರಿಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವುದು ಇದರಿಂದಲೇ.

ಸರಿಯಾದ ಪೇಸ್ ಎಷ್ಟು? 360 ಸೆಕೆಂಡನ್ನು 1.44ರಿಂದ ಗುಣಿಸಿ. 518 ಸೆಕೆಂಡು, ಹತ್ತಿರ ಹತ್ತಿರ 8:38.

ಆದರೆ ನಮ್ಮ ಕಡೆಯ ಏರುಗಳು ಅಳತೆಪಟ್ಟಿ ಇಟ್ಟು ಕೊರೆದಂತೆ ಇರುವುದಿಲ್ಲ. ಇದೇ 1.2 ಕಿ.ಮೀ.ಯನ್ನು ಮೂರು ತುಂಡು ಮಾಡಿ. ಮೊದಲ 400 ಮೀಟರಿನಲ್ಲಿ 16 ಮೀಟರ್ ಏರು, ಅಂದರೆ 4%. ನಡುವಿನ 400ರಲ್ಲಿ 44 ಮೀಟರ್, 11%. ಕೊನೆಯ 400ರಲ್ಲಿ 24 ಮೀಟರ್, 6%. ಅದೇ ಶ್ರಮ ಇಟ್ಟುಕೊಂಡರೆ ಮೊದಲ ತುಂಡು 7:25 ಪೇಸ್, ಎರಡನೆಯದು 10:25, ಮೂರನೆಯದು 8:13. ಮೂರೂ ಸೇರಿ ಏರು ಮುಗಿಯುವುದಕ್ಕೆ 10 ನಿಮಿಷ 25 ಸೆಕೆಂಡು ಬೇಕು.

ಈಗ ಸರಾಸರಿ 8:38 ಅಂತ ತಲೆಯಲ್ಲಿ ಇಟ್ಟುಕೊಂಡು ಹೋದವನ ಕಥೆ ನೋಡಿ. ಮೊದಲ ತುಂಡಿನಲ್ಲಿ ಅವನಿಗೆ ತುಂಬಾ ಹಗುರ ಅನ್ನಿಸುತ್ತದೆ. ನಡುವಿನ 11%ನಲ್ಲಿ 8:38 ಹಿಡಿದರೆ ಅದು ಸಪಾಟಿನ 4:59ಕ್ಕೆ ಸಮ, ಮತ್ತೆ ಅದೇ ರೇಸಿನ ಪೇಸ್. ಹಾಗಾಗಿ ಒಂದು ಏರಿಗೆ ಒಂದೇ ಪೇಸ್ ಅನ್ನುವ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಶ್ರಮ ಒಂದೇ ಇರಬೇಕು, ಪೇಸ್ ಏರಿನ ಜೊತೆ ಕುಣಿಯಲಿ.

ಮನೆಯಲ್ಲಿ ಕೂತು ನಿಮ್ಮ ಏರಿಗೆ ಲೆಕ್ಕ ಹಾಕಬೇಕಾದರೆ ಶೀಟ್ಸ್ ಅಥವಾ ಎಕ್ಸೆಲ್ ತೆರೆಯಿರಿ. A1ರಲ್ಲಿ ಏರು (0.07ರ ಹಾಗೆ), B1ರಲ್ಲಿ ನಿಮ್ಮ ಸಪಾಟಿನ ಪೇಸ್ ಸೆಕೆಂಡುಗಳಲ್ಲಿ (360) ಹಾಕಿ, C1ರಲ್ಲಿ ಇದನ್ನು ಬರೆಯಿರಿ:

```
=B1*(155.4*A1^5-30.4*A1^4-43.3*A1^3+46.3*A1^2+19.5*A1+3.6)/3.6
```

ಬರುವ ಉತ್ತರ ಸೆಕೆಂಡಿನಲ್ಲಿ ಇರುತ್ತದೆ.

ಓಡುವಾಗ ಇದನ್ನೆಲ್ಲ ಯಾರು ಲೆಕ್ಕ ಹಾಕುತ್ತಾರೆ?

ಯಾರೂ ಹಾಕುವುದಿಲ್ಲ. ನಾನೂ ಹಾಕುವುದಿಲ್ಲ. ಲೆಕ್ಕ ಇರುವುದು ಮುಂಚೆ ಪ್ಲಾನ್ ಮಾಡಲಿಕ್ಕೆ, ಆಮೇಲೆ ನೋಡಿ ತಿದ್ದಿಕೊಳ್ಳಲಿಕ್ಕೆ. ಏರಿನ ಮೇಲೆ ಇರುವಾಗ ಉಸಿರನ್ನು ಕೇಳಿ. ಸಪಾಟಿನಲ್ಲಿ ಪೂರ್ತಿ ವಾಕ್ಯ ಮಾತಾಡುತ್ತಾ ಓಡುತ್ತಿದ್ದರೆ ಏರಿನಲ್ಲೂ ಒಂದು ವಾಕ್ಯ ಮುಗಿಸಲು ಬರಬೇಕು. ಎರಡು ಪದಕ್ಕೆ ಉಸಿರು ಕಟ್ಟಿದರೆ ನೀವು ಜೋರಾಗಿದ್ದೀರಿ, ವಾಚ್ ಏನೇ ಹೇಳಲಿ.

ಹೃದಯಬಡಿತ ನೋಡುವವರಿಗೆ ಒಂದು ಮಾತು. ಏರು ಶುರುವಾದ ಕೂಡಲೇ ಬಡಿತ ಏರುವುದಿಲ್ಲ. ಕಾಲಿಗೆ ಭಾರ ಬಿದ್ದು ಒಂದೆರಡು ನಿಮಿಷ ಆದ ಮೇಲೆ ಅದು ತನ್ನ ಜಾಗಕ್ಕೆ ಬರುತ್ತದೆ. ಮೊದಲ ನಿಮಿಷದಲ್ಲಿ 140 ಕಂಡು, "ಇನ್ನೂ ಇದೆ ಗಾಡಿಯಾಗ" ಅಂತ ಜೋರು ಮಾಡಿದರೆ, ಮೂರನೇ ನಿಮಿಷದಲ್ಲಿ 170 ಕಾಣುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ಗಡದ ರಸ್ತೆಯಲ್ಲಿ ನಾನು ಎಷ್ಟೋ ಸಲ ಹೀಗೆ ಮೋಸ ಹೋಗಿದ್ದೇನೆ. ಈಗ ಏರಿನ ಮೊದಲ ನೂರು ಮೀಟರ್ ಬೇಕಂತಲೇ ನಾಚಿಕೆ ಆಗುವಷ್ಟು ನಿಧಾನ ಓಡುತ್ತೇನೆ. ಹೆಜ್ಜೆ ಚಿಕ್ಕದು ಮಾಡುತ್ತೇನೆ, ಹೆಜ್ಜೆಯ ತಾಳ ಮಾತ್ರ ಅದೇ ಇರುತ್ತದೆ.

ಹತ್ತುವಾಗ ಕಳೆದುಕೊಂಡ ಸಮಯ ಇಳಿಯುವಾಗ ವಾಪಸ್ ಬರುತ್ತದೆ ಅಲ್ವಾ?

ಬರುವುದಿಲ್ಲ. ಪೂರ್ತಿ ಅಂತೂ ಯಾವತ್ತೂ ಬರುವುದಿಲ್ಲ.

ಮೇಲಿನ ಏರನ್ನೇ ತಗೊಳ್ಳಿ. ಹತ್ತಲು 10:25 ಆಯಿತು. ಸೂತ್ರದ ಪ್ರಕಾರ 7% ಇಳಿಜಾರಿನಲ್ಲಿ ಖರ್ಚು 0.69 ಪಟ್ಟು. ಅಂದರೆ ಅದೇ ಶ್ರಮದಲ್ಲಿ ಅವನು 4:08 ಪೇಸ್‌ನಲ್ಲಿ ಇಳಿಯಬೇಕು. 1.2 ಕಿ.ಮೀ. ಇಳಿಯಲು 4 ನಿಮಿಷ 57 ಸೆಕೆಂಡು. ಹತ್ತಿ ಇಳಿದದ್ದು ಸೇರಿ 15:22. ಇದೇ 2.4 ಕಿ.ಮೀ. ಸಪಾಟಿನಲ್ಲಿ ಆಗಿದ್ದರೆ 14:24. ಸೂತ್ರದ ಅತ್ಯಂತ ಉದಾರ ಲೆಕ್ಕದಲ್ಲೂ ಸುಮಾರು ಒಂದು ನಿಮಿಷ ಹೋಯಿತು.

ಆದರೆ 25 ನಿಮಿಷದ 5 ಕಿ.ಮೀ. ಓಟಗಾರ 4:08ರಲ್ಲಿ ಗುಡ್ಡ ಇಳಿಯುವುದು ಎಲ್ಲಿ? ಉಸಿರಿಗೆ ಅಷ್ಟು ವೇಗ ಸಾಧ್ಯ ಇದೆ, ಕಾಲಿಗೆ ಇಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುತ್ತದೆ. ಶಕ್ತಿ ಕಡಿಮೆ ಬೇಕು, ಪೆಟ್ಟು ಜಾಸ್ತಿ ಬೀಳುತ್ತದೆ. ಸಾಮಾನ್ಯ ಓಟಗಾರ 5:25ರ ಆಸುಪಾಸು ಇಳಿಯುತ್ತಾನೆ. ಆಗ ಇಳಿಯಲು 6:30, ಒಟ್ಟು 16:55. ಸಪಾಟಿಗಿಂತ ಎರಡೂವರೆ ನಿಮಿಷ ಜಾಸ್ತಿ.

ಸ್ಟ್ರಾವಾದ ಹೊಸ ಲೆಕ್ಕ ಇಳಿಜಾರಿಗೆ ಕೊಡುವ ರಿಯಾಯಿತಿ ಇದಕ್ಕಿಂತ ತುಂಬಾ ಕಡಿಮೆ ಇರುವುದಕ್ಕೆ ಕಾರಣ ಇದೇ. ಜನ ನಿಜವಾಗಿ ಹೇಗೆ ಇಳಿಯುತ್ತಾರೆ ಅನ್ನುವುದು ಅದರಲ್ಲಿ ಸೇರಿದೆ. ಇಳಿಜಾರು ತೀರಾ ಕಡಿದಾದರೆ ಸಿಗುವ ಲಾಭವೂ ನಿಂತು, ಬ್ರೇಕ್ ಹಾಕುವುದೇ ಕೆಲಸ ಆಗುತ್ತದೆ.

ಅಭ್ಯಾಸ ಇಲ್ಲದೆ ಜೋರಾಗಿ ಇಳಿದರೆ ಅದರ ಬಿಲ್ಲು ಅವತ್ತು ಬರುವುದಿಲ್ಲ. ಎರಡನೇ ದಿನ ಮನೆಯ ಮೆಟ್ಟಿಲು ಇಳಿಯುವಾಗ ಬರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಒಮ್ಮೆ ಹೀಗೆ ನೋವು ತಿಂದ ತೊಡೆ ಮುಂದಿನ ಸಲಕ್ಕೆ ಗಟ್ಟಿಯಾಗಿರುತ್ತದೆ. ಹಾಗಾಗಿ ಇಳಿಜಾರಿನ ರೇಸ್ ಇದ್ದರೆ ಎರಡು ಮೂರು ವಾರ ಮುಂಚೆಯೇ ಒಂದೆರಡು ಸಲ ಇಳಿದು ಬನ್ನಿ. ಹಿಂದಿನ ವಾರ ಬೇಡ.

ಏರಿನಲ್ಲಿ ನಡೆದರೆ ಮರ್ಯಾದೆ ಹೋಗುತ್ತಾ?

ಮಿನೆಟ್ಟಿ ತಂಡ ನಡಿಗೆಯನ್ನೂ ಅಳೆದಿತ್ತು. 11% ಏರಿನಲ್ಲಿ ಒಂದು ಮೀಟರ್ ನಡೆಯಲು ಬೇಕಾದ ಶಕ್ತಿ, ಅದೇ ಮೀಟರ್ ಓಡಲು ಬೇಕಾದದ್ದಕ್ಕಿಂತ ಸುಮಾರು ಆರನೇ ಒಂದು ಪಾಲು ಕಡಿಮೆ. ನಮ್ಮ ಓಟಗಾರನ ನಡುವಿನ ತುಂಡಿಗೆ ಪೇಸ್ 10:25 ಬಂತಲ್ಲ, ಅದು ಗಂಟೆಗೆ 5.8 ಕಿ.ಮೀ. ಅಂದರೆ ಬಿರುಸು ನಡಿಗೆಯ ವೇಗವೇ. ಆ ವೇಗದಲ್ಲಿ ಓಡಿದ ಹಾಗೆ ಕುಪ್ಪಳಿಸುವುದಕ್ಕಿಂತ ಮೊಣಕಾಲಿನ ಮೇಲೆ ಕೈ ಒತ್ತಿ ನಡೆದರೆ ಅಷ್ಟೇ ಬೇಗ ಹೋಗುತ್ತೀರಿ, ಉಸಿರು ಉಳಿಯುತ್ತದೆ. ಬಾದಾಮಿಯ ಮೆಟ್ಟಿಲುಗಳಂಥ ಜಾಗದಲ್ಲಂತೂ ಯೋಚನೆಯೇ ಬೇಡ, ನಡೆಯಿರಿ.

ನಡೆದಾಗ ಗ್ಯಾಪ್ ಅಂಕಿಯನ್ನು ನಂಬಬೇಡಿ. ಅದು ಓಟದ ಗೆರೆ ಹಿಡಿದು ಲೆಕ್ಕ ಹಾಕುತ್ತದೆ, ನೀವು ನಡೆದದ್ದು ಅದಕ್ಕೆ ತಿಳಿಯುವುದಿಲ್ಲ.

ನಾವಿಬ್ಬರೂ ಜೊತೆಗೇ ಓಡಿದ್ವಿ. ನನ್ನ ಗ್ಯಾಪ್ 6:10, ಗೆಳೆಯನದು 6:40. ಯಾವುದು ಸರಿ?

ಪೇಸ್‌ನಲ್ಲಿ ಇಷ್ಟು ವ್ಯತ್ಯಾಸ ಬರುವುದು ಅಪರೂಪ. ತಪ್ಪು ಇರುವುದು ಎತ್ತರದ ಅಳತೆಯಲ್ಲಿ.

ಕೆಲವು ವಾಚ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ಅದು ಒಂದೆರಡು ಮೀಟರ್ ಏರಿಳಿತವನ್ನೂ ಹಿಡಿಯುತ್ತದೆ. ಅದಿಲ್ಲದ ವಾಚ್ ಅಥವಾ ಫೋನ್‌ನಲ್ಲಿ ಓಡಿದರೆ, ಆ್ಯಪ್ ನಿಮ್ಮ ಜಿಪಿಎಸ್ ಗೆರೆಯನ್ನು ತನ್ನ ಎತ್ತರದ ನಕ್ಷೆಯ ಮೇಲೆ ಇಟ್ಟು ಲೆಕ್ಕ ಹಾಕುತ್ತದೆ. ಬಯಲಿನಲ್ಲಿ ಇದು ಚೆನ್ನಾಗಿಯೇ ಇರುತ್ತದೆ. ಆದರೆ ಜಾಂಬೋಟಿ ದಾಟಿ ಚೋರ್ಲಾ ಕಡೆ ಹೋಗಿ, ರಸ್ತೆಯನ್ನು ಗುಡ್ಡದ ಮಗ್ಗುಲಲ್ಲಿ ಕೊರೆದಿರುತ್ತಾರೆ. ಜಿಪಿಎಸ್ ಗೆರೆ ಹತ್ತು ಮೀಟರ್ ಪಕ್ಕಕ್ಕೆ ಜರುಗಿದರೂ ನಕ್ಷೆಯಲ್ಲಿ ನೀವು ಕಣಿವೆಗೆ ಬಿದ್ದು ಮತ್ತೆ ಹತ್ತಿದ ಹಾಗೆ ಕಾಣುತ್ತದೆ.

ದೂರ ಚಿಕ್ಕದಾದಷ್ಟೂ ಈ ತಪ್ಪು ದೊಡ್ಡದಾಗುತ್ತದೆ. ಎತ್ತರದಲ್ಲಿ 5 ಮೀಟರ್ ತಪ್ಪು ಬಂತು ಅನ್ನಿ. 1.2 ಕಿ.ಮೀ. ಏರಿನಲ್ಲಿ ಅದು ಬರೀ 0.4%. ನೂರು ಮೀಟರಿನಲ್ಲಿ ಅದೇ 5 ಮೀಟರ್ 5% ತಪ್ಪು! ಕಪಿಲೇಶ್ವರ ಓವರ್‌ಬ್ರಿಡ್ಜ್‌ನಂಥ ಗಿಡ್ಡ ಏರುಗಳ ಗ್ಯಾಪ್ ನೋಡಿ ಜಗಳ ಆಡುವುದು ಅದಕ್ಕೇ ದಂಡ. ಕನಿಷ್ಠ ಐದಾರು ನೂರು ಮೀಟರ್ ಒಂದೇ ಸಮ ಹತ್ತುವ ಏರಿನ ಗ್ಯಾಪ್ ಮಾತ್ರ ನಾನು ಲೆಕ್ಕಕ್ಕೆ ತಗೊಳ್ಳುತ್ತೇನೆ.

ಬ್ಯಾರೋಮೀಟರ್ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಒಂದು ಜುಲೈ ತಿಂಗಳ ಮಳೆಯಲ್ಲಿ 8 ಕಿ.ಮೀ. ಸುತ್ತು ಹಾಕಿ ಬಂದೆ. ಶುರು ಮಾಡಿದ್ದೂ ಮುಗಿಸಿದ್ದೂ ನನ್ನ ಮನೆಯ ಗೇಟಿನಲ್ಲೇ. ವಾಚ್ ಪ್ರಕಾರ ಗೇಟು 46 ಮೀಟರ್ ಮೇಲೆ ಹೋಗಿತ್ತು. ಒತ್ತಡ ಅಳೆಯುವ ಸಣ್ಣ ತೂತಿನಲ್ಲಿ ನೀರು, ಬೆವರಿನ ಉಪ್ಪು ಕೂತಿದ್ದವು. ಸಾದಾ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಸರಿಹೋಯಿತು. ಪಿನ್ನು ಹಾಕಿ ಚುಚ್ಚಲು ಹೋಗಬೇಡಿ. ಮೋಡ ಕವಿದು ಹವೆ ಬದಲಾದರೂ ಹೀಗೇ ಆಗುತ್ತದೆ. ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ವಾಚ್ ನೀವು ಸುಮಾರು 9 ಮೀಟರ್ ಹತ್ತಿದಿರಿ ಅಂದುಕೊಳ್ಳುತ್ತದೆ.

ಇದನ್ನು ಪತ್ತೆ ಹಚ್ಚಲು ಶುರುವಿನ ಎತ್ತರ, ಕೊನೆಯ ಎತ್ತರ ಎರಡನ್ನೂ ನೋಡಿ. ಒಂದೇ ಜಾಗದಲ್ಲಿ ಮುಗಿಸಿಯೂ ಹತ್ತು ಹದಿನೈದು ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅವತ್ತಿನ ಗ್ಯಾಪ್ ಬಿಟ್ಟುಬಿಡಿ. ಸ್ಟ್ರಾವಾದ ವೆಬ್ ಪುಟದಲ್ಲಿ `Correct Elevation` ಒತ್ತಿದರೆ ವಾಚಿನ ಎತ್ತರ ಬಿಟ್ಟು ನಕ್ಷೆಯ ಎತ್ತರದಿಂದ ಲೆಕ್ಕ ಹಾಕುತ್ತದೆ.

ಎತ್ತರ ಸರಿಯಾಗಿ ಅಳೆದಿದ್ದರೆ ಗ್ಯಾಪ್ ನಂಬಬಹುದಾ?

ಅದಕ್ಕೆ ಗೊತ್ತಿರುವುದು ಇಳಿಜಾರು ಒಂದೇ. ಮಳೆಗಾಲದಲ್ಲಿ ಖಾನಾಪುರದ ಕಡೆ ಕೆಂಪು ಮಣ್ಣಿನ ದಾರಿಯಲ್ಲಿ ಓಡಿ. ಬೂಟಿಗೆ ಅರ್ಧ ಕಿಲೋ ಕೆಸರು ಅಂಟಿಕೊಂಡಿರುತ್ತದೆ, ಪ್ರತಿ ಹೆಜ್ಜೆ ಜಾರುತ್ತದೆ. ಗ್ಯಾಪ್‌ಗೆ ಅದು ಡಾಂಬರು ರಸ್ತೆ. ಎದುರುಗಾಳಿ, ಏಪ್ರಿಲ್ ಬಿಸಿಲು, ಕಲ್ಲಿನ ಇಳಿಜಾರು ಯಾವುದೂ ಅದರ ಲೆಕ್ಕದಲ್ಲಿ ಇಲ್ಲ. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಬಂದ ಏರು ಮೊದಲ ಕಿಲೋಮೀಟರಿನ ಏರಿನಂತೆ ಇರುವುದಿಲ್ಲ, ಅದೂ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಅದೇ ಏರು, ಅದೇ ರಸ್ತೆ, ಹೆಚ್ಚುಕಮ್ಮಿ ಅದೇ ಹವೆಯಲ್ಲಿ ತಿಂಗಳಿಗೊಮ್ಮೆ ಓಡಿ ಹೋಲಿಸಲು ಗ್ಯಾಪ್ ಒಳ್ಳೆಯದು. ಬೇರೆಯವರ ಜೊತೆ ಹೋಲಿಸಲು ಅಷ್ಟೊಂದು ಅಲ್ಲ.

ವಿಜಯಪುರದಲ್ಲಿ ಇದ್ದೇನೆ. ಇಲ್ಲಿ ಏರೇ ಇಲ್ಲ, ಏನು ಮಾಡಲಿ?

ಟ್ರೆಡ್‌ಮಿಲ್ ಇದ್ದರೆ ಸಾಕು. ಒಂದು ಲೆಕ್ಕದಲ್ಲಿ ಅದು ರಸ್ತೆಗಿಂತ ಚೊಕ್ಕ, ಯಾಕೆಂದರೆ ಎಷ್ಟು ಏರು ಅಂತ ನೀವೇ ಇಡುತ್ತೀರಿ. ಸಪಾಟಿನಲ್ಲಿ ನಿಮ್ಮ ಆರಾಮದ ವೇಗ ಗಂಟೆಗೆ 10 ಕಿ.ಮೀ. (ಅದೇ 6:00 ಪೇಸ್) ಇದ್ದರೆ, 6% ಏರು ಇಟ್ಟು 10ನ್ನು 1.37ರಿಂದ ಭಾಗಿಸಿ. 7.3 ಬರುತ್ತದೆ. ಆ ವೇಗದಲ್ಲಿ ನಾಲ್ಕು ನಿಮಿಷ ಓಡಿ, ಎರಡು ನಿಮಿಷ ಸಪಾಟಿನಲ್ಲಿ ನಡೆಯಿರಿ. ಐದು ಸಲ ಮಾಡಿ. ಕೊನೆಯ ಸಲದಲ್ಲೂ ಮಾತು ಬರುತ್ತಿದ್ದರೆ ಲೆಕ್ಕ ನಿಮಗೆ ಹೊಂದುತ್ತದೆ ಅಂತ ಅರ್ಥ. ಬರದಿದ್ದರೆ 7.0ಗೆ ಇಳಿಸಿ. ಸೂತ್ರ ಹತ್ತು ಜನ ಗುಡ್ಡದ ಓಟಗಾರರ ಕಾಲಿನಿಂದ ಬಂದದ್ದು, ನಿಮ್ಮ ಕಾಲಿನಿಂದ ಅಲ್ಲ. ಕೈಹಿಡಿ ಹಿಡಿದುಕೊಂಡು ಓಡಿದರೆ ಈ ಲೆಕ್ಕ ಪೂರ್ತಿ ಹಾಳು.

ಇಳಿಯುವ ಅಭ್ಯಾಸ ಮಾತ್ರ ಸಾಮಾನ್ಯ ಟ್ರೆಡ್‌ಮಿಲ್‌ನಲ್ಲಿ ಆಗುವುದಿಲ್ಲ. ಅದಕ್ಕೆ ಬಾದಾಮಿಗೋ ಬೆಳಗಾವಿಗೋ ಬರಬೇಕು.

ಬೆಳಗಾವಿ ಎತ್ತರದಲ್ಲಿದೆ. ಗೋವಾದಲ್ಲಿ ರೇಸ್ ಓಡಿದರೆ ಪೇಸ್ ಜಾಸ್ತಿ ಬರುತ್ತಾ?

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರದಂಡೆಗಿಂತ ಎಂಟೊಂಬತ್ತು ಶೇಕಡ ಕಡಿಮೆ. ಪಳಗಿದ ಓಟಗಾರರ ಮೈ ಬಳಸುವ ಗರಿಷ್ಠ ಆಮ್ಲಜನಕ ಪ್ರತಿ ಸಾವಿರ ಮೀಟರಿಗೆ ಸುಮಾರು 6% ಇಳಿಯುತ್ತದೆ ಅಂತ ಅಳತೆಗಳು ಹೇಳುತ್ತವೆ. ಹಾಗಾಗಿ ಕಾಗದದ ಮೇಲೆ ಗೋವಾದಲ್ಲಿ ಸ್ವಲ್ಪ ಲಾಭ ಇದೆ.

ರಸ್ತೆಯ ಮೇಲೆ ಇಲ್ಲ. ಪಣಜಿಯಲ್ಲಿ ಬೆಳಿಗ್ಗೆ ಆರಕ್ಕೇ ಮೈ ಅಂಟಂಟು. ಗಾಳಿಯಲ್ಲಿ ಅಷ್ಟು ತೇವ ಇದ್ದರೆ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಎತ್ತರದಿಂದ ಬರುವ ಒಂದೆರಡು ಶೇಕಡ ಲಾಭವನ್ನು ಸೆಖೆ ಮೊದಲ ಐದು ಕಿಲೋಮೀಟರಿನಲ್ಲೇ ನುಂಗುತ್ತದೆ. ಬೆಳಗಾವಿಯ ತಂಪಿನಲ್ಲಿ ಬಂದ ಪೇಸ್ ನಂಬಿ ಅಲ್ಲಿ ಶುರು ಮಾಡಿ ಕೆಟ್ಟವರನ್ನು ನೋಡಿದ್ದೇನೆ, ಕನ್ನಡಿಯಲ್ಲಿ ಕೂಡ. "ನಾವು ಎತ್ತರದಲ್ಲಿ ಇರುವವರು, ನಮ್ಮ ರಕ್ತವೇ ಬೇರೆ" ಅನ್ನುವುದೂ ಬೇಡ. ರಕ್ತದಲ್ಲಿ ಕೆಂಪು ಕಣ ಹೆಚ್ಚಿಸಲಿಕ್ಕೆ ಓಟಗಾರರು ಹೋಗಿ ವಾರಗಟ್ಟಲೆ ಇರುವ ಜಾಗಗಳು 2,000 ಮೀಟರ್ ಮತ್ತು ಅದಕ್ಕಿಂತ ಮೇಲಿನವು.

ಎತ್ತರ ನಿಜವಾಗಿ ಎಲ್ಲಿ ಕಾಡುತ್ತದೆ?

1968ರ ಒಲಿಂಪಿಕ್ಸ್ ಮೆಕ್ಸಿಕೋ ಸಿಟಿಯಲ್ಲಿ ನಡೆಯಿತು. ಎತ್ತರ 2,240 ಮೀಟರ್. ಅಲ್ಲಿ 10,000 ಮೀಟರ್ ಗೆದ್ದದ್ದು ಕೀನ್ಯಾದ ನಫ್ತಾಲಿ ತೆಮು, 29 ನಿಮಿಷ 27 ಸೆಕೆಂಡಿನಲ್ಲಿ. ಆಗಿನ ವಿಶ್ವದಾಖಲೆ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಹೆಸರಲ್ಲಿತ್ತು, 27 ನಿಮಿಷ 39 ಸೆಕೆಂಡು. ಅದೇ ಕ್ಲಾರ್ಕ್ ಈ ಓಟದಲ್ಲಿ ಆರನೆಯವರಾಗಿ ಬಂದು ಗೆರೆ ದಾಟಿ ಕುಸಿದುಬಿದ್ದರು. ಅದೇ ಒಲಿಂಪಿಕ್ಸ್‌ನಲ್ಲಿ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದು ವಿಶ್ವದಾಖಲೆ ಮಾಡಿದರು. ತೆಳು ಗಾಳಿ ಕೆಲವೇ ಸೆಕೆಂಡಿನ ಆಟಕ್ಕೆ ಅಡ್ಡಿಯಲ್ಲ, ಗಾಳಿಯ ತಡೆ ಕಡಿಮೆ ಆಗಿ ಸಹಾಯವೇ. ಅರ್ಧ ಗಂಟೆ ಉಸಿರು ಎಳೆಯಬೇಕಾದ ಓಟಕ್ಕೆ ಅದೇ ವೈರಿ.

ಲೇಹ್‌ನಲ್ಲಿ ಲಡಾಖ್ ಮ್ಯಾರಥಾನ್ ಓಡಬೇಕು ಅಂತಿದ್ದೇನೆ. ಅಲ್ಲಿ ಗ್ಯಾಪ್ ನೋಡಿ ಓಡಬಹುದಾ?

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಗ್ಯಾಪ್‌ಗೆ ಇದರ ಸುಳಿವೇ ಇಲ್ಲ. ಲೇಹ್‌ನ 4% ಏರೂ ಬೆಳಗಾವಿಯ 4% ಏರೂ ಅದಕ್ಕೆ ಒಂದೇ. ಹಾಗಾಗಿ ಅಲ್ಲಿ ಬಂದ ಗ್ಯಾಪ್ ನೋಡಿ ಫಿಟ್ನೆಸ್ ಹೋಯಿತು ಅಂತ ಗಾಬರಿ ಆಗಬೇಡಿ.

ಲೆಕ್ಕವನ್ನು ಎರಡು ಸಲ ಮಾಡಬೇಕು. ಮೊದಲು ಎತ್ತರಕ್ಕೆ, ಆಮೇಲೆ ಏರಿಗೆ. ಅಷ್ಟು ಎತ್ತರದಲ್ಲಿ ಮೈಯ ಗರಿಷ್ಠ ಆಮ್ಲಜನಕ ಬಳಕೆ ಐದನೇ ಒಂದು ಪಾಲಿನ ಆಸುಪಾಸು ಕುಸಿಯುತ್ತದೆ. ಒಗ್ಗಿಕೊಂಡ ಮೇಲೆ ಪೇಸ್ ಅದಕ್ಕಿಂತ ಸ್ವಲ್ಪ ಕಡಿಮೆ ಬೀಳುತ್ತದೆ. ಶುರು ಮಾಡಲು ನಾನು 15% ಹಿಡಿಯುತ್ತೇನೆ. ಬೆಳಗಾವಿಯ 6:00 ಅಲ್ಲಿ ಸಪಾಟಿನಲ್ಲೇ 6:54. ಈಗ 4% ಏರು ಬಂದರೆ ಅದನ್ನು 1.24ರಿಂದ ಗುಣಿಸಿ, ಸುಮಾರು 8:33. ಇಲ್ಲಿ ಅದೇ ಏರಿಗೆ 7:25 ಸಾಕಿತ್ತು. ಇದು ಶುರುವಿನ ಅಂದಾಜು ಮಾತ್ರ. ಎತ್ತರ ಒಬ್ಬೊಬ್ಬರಿಗೆ ಒಂದೊಂದು ಥರ ಹೊಡೆಯುತ್ತದೆ, ಉಸಿರು ಹೇಳಿದ್ದೇ ಕೊನೆಯ ಮಾತು.

ಇನ್ನೊಂದು ವ್ಯತ್ಯಾಸ ಇದೆ. ಬೆಳಗಾವಿಯಲ್ಲಿ ಏರಿಗೆ ಜೋರು ಮಾಡಿ ದಮ್ಮು ಹತ್ತಿದರೆ, ಏರು ಮುಗಿದ ಮೇಲೆ ಅರ್ಧ ಕಿಲೋಮೀಟರಿನಲ್ಲಿ ಸರಿಹೋಗುತ್ತೀರಿ. ಅಲ್ಲಿ ಆ ಸಾಲ ತೀರುವುದೇ ಇಲ್ಲ ಅನ್ನಿಸುವಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ಅಲ್ಲಿನ ಏರುಗಳಲ್ಲಿ ನಡಿಗೆಗೆ ಬೇಗ ಇಳಿಯಿರಿ.

ವಿಮಾನದಲ್ಲಿ ಹೋಗಿ ಮಾರನೇ ದಿನ ಒಂದು ಸಣ್ಣ ಓಟ ಓಡಿ ನೋಡಬಹುದಾ?

ಬೇಡ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ನಿಧಾನ ಓಟ. ರೇಸಿಗೆ ಎಷ್ಟು ದಿನ ಮುಂಚೆ ಸಿಗುತ್ತದೋ ಅಷ್ಟು ಮುಂಚೆ ಹೋಗಿ, ವಾರಕ್ಕಿಂತ ಕಡಿಮೆ ಬೇಡವೇ ಬೇಡ. ಬಿಪಿ, ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಟಿಕೆಟ್ ಮಾಡಿಸುವ ಮುಂಚೆಯೇ ಡಾಕ್ಟರನ್ನು ಕೇಳಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಶುರು. ಅದು ಇರುವಾಗ ಓಡಬೇಡಿ, ಇನ್ನೂ ಮೇಲಕ್ಕೂ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು ಕಂಡರೆ ಬೆಳಗಾಗಲಿ ನೋಡೋಣ ಅನ್ನಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೆಳಗೆ ಇಳಿಸುವ ವ್ಯವಸ್ಥೆ ಮಾಡಿ. ಜೊತೆಗೆ ಹೋದವರಿಗೂ ಇದನ್ನು ಮೊದಲೇ ಹೇಳಿಟ್ಟಿರಿ, ಯಾಕೆಂದರೆ ತೂರಾಡುವವನಿಗೆ ತಾನು ತೂರಾಡುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ.